ಬಿಎಲ್‌ಡಿಸಿ ಫ್ಯಾನಿಗೆ ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್?

ಕಳೆದ ಅಕ್ಟೋಬರಿನ ಒಂದು ಶುಕ್ರವಾರ ಜುಮಾ ಮುಗಿಸಿ ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ನಮ್ಮ ಜಮಾಅತಿನ ಕಾರ್ಯದರ್ಶಿಯವರು ಹತ್ತಿರ ಬಂದು ಒಂದು ಚೀಟಿಯನ್ನು ನನ್ನ ಕೈಗಿಟ್ಟರು. ಊರಿನವರೇ ಆದ, ಈಗ ಗಲ್ಫಿನಲ್ಲಿರುವ ಹಾಜಿಯವರೊಬ್ಬರು ಮಸೀದಿಯ ಹಳೆಯ ಫ್ಯಾನುಗಳನ್ನು ಬದಲಿಸಲು ತೊಂಬತ್ತು ಸಾವಿರ ರೂಪಾಯಿ ಕೊಡಲು ಮುಂದೆ ಬಂದಿದ್ದರು. "ಸರ್, ನೀವು ಫಿಸಿಕ್ಸ್ ಕಲಿಸುವವರು. ಇದೊಂದು ಲೆಕ್ಕ ಸರಿಯಾ ನೋಡಿ ಹೇಳಿ. ಏಳು ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್ ಬರುತ್ತದೆ ಅಂತ ಅಂಗಡಿಯವರು ಬರೆದು ಕೊಟ್ಟಿದ್ದಾರೆ" ಎಂದರು.

ಚೀಟಿಯಲ್ಲಿ ಹೀಗಿತ್ತು. ಹಳೆಯ ಫ್ಯಾನು 75 ವ್ಯಾಟ್, ಬಿಎಲ್‌ಡಿಸಿ ಫ್ಯಾನು 30 ವ್ಯಾಟ್, ಉಳಿತಾಯ 45 ವ್ಯಾಟ್. ದಿನಕ್ಕೆ 18 ಗಂಟೆ ಓಡಿದರೆ ವರ್ಷಕ್ಕೆ ಸುಮಾರು 296 ಯೂನಿಟ್ ಉಳಿಯುತ್ತದೆ. ಯೂನಿಟ್‌ಗೆ 8 ರೂಪಾಯಿಯಂತೆ ಸುಮಾರು 2,365 ರೂಪಾಯಿ. ಸಾಧಾರಣ ಫ್ಯಾನಿಗೆ 1,700, ಬಿಎಲ್‌ಡಿಸಿಗೆ 3,000, ಹೆಚ್ಚು ಕೊಡಬೇಕಾದದ್ದು 1,300. ಆದ್ದರಿಂದ ಏಳು ತಿಂಗಳು.

ಗುಣಾಕಾರ, ಭಾಗಾಕಾರ ಎರಡನ್ನೂ ನೋಡಿದೆ, ಒಂದೂ ತಪ್ಪಿರಲಿಲ್ಲ. ಆದರೆ ಲೆಕ್ಕದೊಳಗೆ ಇಟ್ಟ ಅಂಕಿಗಳು ನಮ್ಮ ಮಸೀದಿಯವಲ್ಲ ಎಂದು ಮೊದಲ ನೋಟಕ್ಕೇ ಅನಿಸಿತು. ಒಂದು ವಾರ ಸಮಯ ಕೇಳಿದೆ. ನಮ್ಮ ಹಾಸ್ಟೆಲಿನಲ್ಲಿರುವ ದ್ವಿತೀಯ ಪಿಯುಸಿಯ ಇಬ್ಬರು ಹುಡುಗರನ್ನು ಜೊತೆಗೆ ಸೇರಿಸಿಕೊಂಡು ಚೀಟಿಯ ಒಂದೊಂದೇ ಅಂಕಿಯನ್ನು ಪರೀಕ್ಷಿಸಿದೆವು. ನಿಮ್ಮ ಮನೆಯಲ್ಲೂ ಮಾಡಬಹುದಾದ ಲೆಕ್ಕ ಇದು. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ವ್ಯಾಟ್. ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬಬೇಕಾಗಿಲ್ಲ, ಮನೆಯ ಕರೆಂಟ್ ಮೀಟರೇ ಅಳೆದು ಕೊಡುತ್ತದೆ. ಮೀಟರಿನ ಮುಖದಲ್ಲಿ ಮಿಣುಕುವ ಒಂದು ಚಿಕ್ಕ ಕೆಂಪು ದೀಪ ಇರುತ್ತದೆ. ಅದರ ಹತ್ತಿರ `3200 imp/kWh` ಎಂದೋ ಇನ್ನೊಂದು ಸಂಖ್ಯೆಯೋ ಅಚ್ಚಾಗಿರುತ್ತದೆ. ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ಆ ದೀಪ 3200 ಸಲ ಮಿಣುಕುತ್ತದೆ ಎಂದು ಅದರ ಅರ್ಥ. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್ ಎಂದು ನೀವು ಓದಿದ್ದೀರಿ. ಅದನ್ನು 3200ರಿಂದ ಭಾಗಿಸಿದರೆ ಒಂದು ಮಿಣುಕಿಗೆ 1125 ಜೂಲ್. ಎರಡು ಮಿಣುಕಿನ ನಡುವೆ ಎಷ್ಟು ಸೆಕೆಂಡು ಹಿಡಿಯಿತೋ ಅದರಿಂದ 1125ನ್ನು ಭಾಗಿಸಿದರೆ ಬರುವುದೇ ವ್ಯಾಟ್.

ವಾರ್ಡನ್ ಅವರ ಮನೆಗೆ ಬೇರೆ ಮೀಟರ್ ಇದೆ, ಅಲ್ಲಿ ಸಾಧಾರಣ ಫ್ಯಾನು. ನನ್ನ ಮನೆಯಲ್ಲಿ ಎರಡು ವರ್ಷದಿಂದ ಒಂದು ಬಿಎಲ್‌ಡಿಸಿ ಫ್ಯಾನು ಓಡುತ್ತಿದೆ. ಎರಡೂ 1200 ಮಿಲಿಮೀಟರಿನವು, ಅಂದರೆ ನಾವು 48 ಇಂಚು ಎನ್ನುವ ಫ್ಯಾನು. ಫ್ರಿಜ್, ಟಿವಿ, ವೈಫೈ, ಇನ್ವರ್ಟರ್, ಮೊಬೈಲ್ ಚಾರ್ಜರ್ ಎಲ್ಲವನ್ನೂ ಆಫ್ ಮಾಡಿ, ಫ್ಯಾನು ಮಾತ್ರ ಫುಲ್ ಸ್ಪೀಡಿನಲ್ಲಿ ಬಿಟ್ಟೆವು. ಮೊದಲ ಸಲ ವಾರ್ಡನ್ ಮನೆಯಲ್ಲಿ 110 ವ್ಯಾಟ್ ಬಂತು. ಹುಡುಗರು ಫ್ಯಾನೇ ಹಾಳಾಗಿದೆ ಎಂದರು. ನೋಡಿದರೆ ಅಡುಗೆಮನೆಯ ಮೂಲೆಯಲ್ಲಿ ಒಂದು ಟ್ಯೂಬ್‌ಲೈಟ್ ಉರಿಯುತ್ತಿತ್ತು! ಈ ಪ್ರಯೋಗದಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ. ಫ್ಯಾನನ್ನೂ ಆಫ್ ಮಾಡಿ ಒಂದೆರಡು ನಿಮಿಷ ಮೀಟರನ್ನು ನೋಡಿ. ಆಗಲೂ ದೀಪ ಮಿಣುಕಿದರೆ ಎಲ್ಲೋ ಏನೋ ಓಡುತ್ತಿದೆ ಎಂದೇ ತಿಳಿಯಬೇಕು.

ಒಂದು ಮಿಣುಕನ್ನು ಅಳೆದರೆ ಬೆರಳಿನ ತಡದಿಂದಾಗುವ ತಪ್ಪು ದೊಡ್ಡದಾಗುತ್ತದೆ. ಹತ್ತು ಮಿಣುಕಿಗೆ ಅಳೆದು ಹತ್ತರಿಂದ ಭಾಗಿಸಿ. ವಾರ್ಡನ್ ಮನೆಯ ಫ್ಯಾನು ಹತ್ತು ಮಿಣುಕಿಗೆ 149 ಸೆಕೆಂಡು ತೆಗೆದುಕೊಂಡಿತು, ಅಂದರೆ 75 ವ್ಯಾಟಿಗಿಂತ ಒಂದು ಕೂದಲು ಹೆಚ್ಚು. ನನ್ನ ಮನೆಯ ಫ್ಯಾನಿಗೆ 372 ಸೆಕೆಂಡು, ಅಂದರೆ 30 ವ್ಯಾಟ್. ಮೀಟರನ್ನು ನೋಡಿದರೆ ಸಾಕು, ಮುಟ್ಟುವ ಅಗತ್ಯ ಇಲ್ಲ, ಮುಟ್ಟಬಾರದು ಕೂಡ.

ಹಾಗಾದರೆ ಚೀಟಿಯ ಮೊದಲ ಎರಡು ಅಂಕಿ ನಿಜ. ಒಂದೇ ಅಗಲದ ರೆಕ್ಕೆ, ಕೆಳಗೆ ಕೂತವರಿಗೆ ಹೆಚ್ಚು ಕಡಿಮೆ ಒಂದೇ ಗಾಳಿ, ಆದರೂ ಒಂದು 75 ವ್ಯಾಟ್ ಎಳೆಯುತ್ತದೆ, ಇನ್ನೊಂದು 30. ಗಾಳಿಯನ್ನು ತಳ್ಳುವ ಕೆಲಸ 30 ವ್ಯಾಟಿನೊಳಗೇ ಮುಗಿಯುತ್ತದೆ ಎಂದಾದರೆ, ಹಳೆಯ ಫ್ಯಾನಿನಲ್ಲಿ ಕನಿಷ್ಠ 45 ವ್ಯಾಟ್ ಎಲ್ಲಿ ಹೋಗುತ್ತದೆ? ಶಾಖವಾಗಿ ಹೋಗುತ್ತದೆ. ರಾತ್ರಿಯಿಡೀ ಓಡಿದ ಫ್ಯಾನನ್ನು ಬೆಳಿಗ್ಗೆ ಆಫ್ ಮಾಡಿ, ಪೂರ್ತಿ ನಿಂತ ಮೇಲೆ, ಸ್ಟೂಲ್ ಹತ್ತಿ ನಡುವಿನ ಮೋಟರ್ ಭಾಗವನ್ನು ಮುಟ್ಟಿ ನೋಡಿ. ಹಳೆಯದು ಕೈಗೆ ಚೆನ್ನಾಗಿ ಬಿಸಿ ತಾಗುತ್ತದೆ, ಬಿಎಲ್‌ಡಿಸಿ ತುಸು ಬೆಚ್ಚಗಿರುತ್ತದೆ ಅಷ್ಟೆ. ಸೆಕೆ ಓಡಿಸಲು ಹಾಕಿದ ಯಂತ್ರ ಕೋಣೆಯನ್ನು ಒಳಗೊಳಗೇ ಬಿಸಿ ಮಾಡುತ್ತಿರುತ್ತದೆ.

ಇದಕ್ಕೆ ಕಾರಣ ಮೋಟರಿನ ಜಾತಿಯಲ್ಲೇ ಇದೆ. ಸಾಧಾರಣ ಫ್ಯಾನಿನದು ಇಂಡಕ್ಷನ್ ಮೋಟರ್. ನಡುವೆ ಅಲುಗಾಡದೆ ಕೂತ ತಂತಿಯ ಸುತ್ತುಗಳು ಒಂದು ಸುತ್ತುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತವೆ. ಹೊರಗಿನ ರೋಟರ್ ಅದನ್ನು ಹಿಂಬಾಲಿಸುತ್ತದೆ. ರೋಟರಿನಲ್ಲಿ ಸ್ವಂತ ಕಾಂತ ಇಲ್ಲ. ಕಾಂತಕ್ಷೇತ್ರ ತನ್ನನ್ನು ದಾಟಿ ಹೋಗುತ್ತಿದ್ದರೆ ಮಾತ್ರ ಅದರಲ್ಲಿ ಕರೆಂಟ್ ಹುಟ್ಟುತ್ತದೆ. ಆದ್ದರಿಂದ ರೋಟರ್ ಯಾವತ್ತೂ ಸ್ವಲ್ಪ ಹಿಂದೆ ಬೀಳಲೇಬೇಕು. 14 ಧ್ರುವಗಳ ಮೋಟರಿನಲ್ಲಿ 50 ಹರ್ಟ್ಜ್‌ಗೆ ಕಾಂತಕ್ಷೇತ್ರ ನಿಮಿಷಕ್ಕೆ ಸುಮಾರು 428 ಸುತ್ತು ಸುತ್ತಿದರೆ ರೆಕ್ಕೆ 360ರ ಆಸುಪಾಸಿನಲ್ಲಿ ಸುತ್ತುತ್ತದೆ. ಹಿಂದೆ ಬಿದ್ದ ಪಾಲು ಶೇಕಡ 16. ರೋಟರಿಗೆ ದಾಟಿದ ಶಕ್ತಿಯಲ್ಲಿ ಅಷ್ಟೇ ಪಾಲು ರೋಟರಿನೊಳಗೆ ಶಾಖವಾಗುತ್ತದೆ. ತಂತಿಯ ಸುತ್ತುಗಳಲ್ಲಿ, ಕಬ್ಬಿಣದ ತಗಡುಗಳಲ್ಲಿ ಆಗುವ ನಷ್ಟ ಇದರ ಮೇಲೆ ಬೇರೆ. ಬಿಎಲ್‌ಡಿಸಿಯಲ್ಲಿ ರೋಟರಿಗೆ ಶಾಶ್ವತ ಕಾಂತಗಳನ್ನೇ ಅಂಟಿಸಿರುತ್ತಾರೆ. ಅದರಲ್ಲಿ ಕರೆಂಟ್ ಹುಟ್ಟಿಸಬೇಕಾಗಿಲ್ಲ, ಹಿಂದೆ ಬೀಳಬೇಕಾಗಿಲ್ಲ. ಮೇಲಿನ ಬಟ್ಟಲಿನಲ್ಲಿರುವ ಚಿಕ್ಕ ಸರ್ಕ್ಯೂಟ್ ಬೋರ್ಡ್ ಎಸಿಯನ್ನು ಡಿಸಿ ಮಾಡಿ, ಯಾವ ಸುತ್ತಿಗೆ ಯಾವ ಕ್ಷಣ ಕರೆಂಟ್ ಕೊಡಬೇಕೆಂದು ನೋಡಿ ಕೊಡುತ್ತದೆ. ಉಳಿತಾಯ ಹುಟ್ಟುವುದು ಆ ಬೋರ್ಡಿನಿಂದ. ತೊಂದರೆ ಹುಟ್ಟುವುದೂ ಅಲ್ಲಿಂದಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಒಬ್ಬ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ. "ಸರ್, ನಾವು ಫುಲ್ ಸ್ಪೀಡಿನಲ್ಲಿ ಅಳೆದೆವು. ನಮ್ಮ ಮನೆಯಲ್ಲಿ ಉಮ್ಮ ಯಾವಾಗಲೂ ಮೂರರಲ್ಲೇ ಇಡುವುದು." ಸರಿ, ಮೂರರಲ್ಲೂ ಅಳೆದೆವು. ಸಾಧಾರಣ ಫ್ಯಾನು ಹತ್ತು ಮಿಣುಕಿಗೆ 281 ಸೆಕೆಂಡು ತೆಗೆದುಕೊಂಡಿತು, ಅಂದರೆ 40 ವ್ಯಾಟ್. ಬಿಎಲ್‌ಡಿಸಿಗೆ ಹದಿನೈದೂವರೆ ನಿಮಿಷ ಕಾಯಬೇಕಾಯಿತು, 12 ವ್ಯಾಟ್. ಅನುಪಾತ ನೋಡಿದರೆ ಬಿಎಲ್‌ಡಿಸಿ ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೆ ಉಳಿಯುವುದು 45 ಅಲ್ಲ, 28 ವ್ಯಾಟ್ ಮಾತ್ರ. ಕರೆಂಟ್ ಬಿಲ್ಲಿಗೆ ಅನುಪಾತ ಗೊತ್ತಿಲ್ಲ, ವ್ಯತ್ಯಾಸ ಮಾತ್ರ ಗೊತ್ತು. ನಿಧಾನವಾಗಿ ಫ್ಯಾನು ಓಡಿಸುವ ಮನೆಯಲ್ಲಿ ದುಡ್ಡು ವಾಪಸ್ ಬರಲು ಒಂದೂವರೆ ಪಟ್ಟಿಗಿಂತ ಹೆಚ್ಚು ಕಾಲ ಬೇಕು. ಇಲ್ಲಿಂದ ಮುಂದೆ ನಾನು ಮಾಡುವ ಲೆಕ್ಕ ಫುಲ್ ಸ್ಪೀಡಿನದು. ನಮ್ಮ ಕರಾವಳಿಯ ಸೆಕೆಯಲ್ಲಿ ಹಾಸ್ಟೆಲಿನ ರೆಗ್ಯುಲೇಟರುಗಳು ಐದರಿಂದ ಕೆಳಗೆ ಇಳಿದದ್ದನ್ನು ನಾನು ನೋಡಿಲ್ಲ.

ಎರಡನೆಯದು ಯೂನಿಟ್ ದರ. ಚೀಟಿಯ 8 ರೂಪಾಯಿ ಎಲ್ಲಿಂದ ಬಂತು? ಬಹುಶಃ ಒಟ್ಟು ಬಿಲ್ಲನ್ನು ಯೂನಿಟ್‌ನಿಂದ ಭಾಗಿಸಿರಬೇಕು. ಅದು ಸರಿಯಲ್ಲ. ಬಿಲ್ಲಿನಲ್ಲಿ ನಿಗದಿತ ಶುಲ್ಕ ಎಂದು ಒಂದು ಭಾಗ ಇರುತ್ತದೆ. ಅದು ಮಂಜೂರಾದ ಕಿಲೋವ್ಯಾಟ್ ಮೇಲೆ ಹಾಕುವಂಥದ್ದು. ಫ್ಯಾನು ಬದಲಿಸಿದರೂ ಅದು ಒಂದು ಪೈಸೆ ಇಳಿಯುವುದಿಲ್ಲ. ಇಳಿಯುವುದು ಯೂನಿಟ್ ಮೇಲಿನ ಭಾಗ ಮಾತ್ರ. 2025-26ರ ದರಪಟ್ಟಿಯಂತೆ ಕರ್ನಾಟಕದಲ್ಲಿ ಮನೆಬಳಕೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಶೇಕಡ 9 ತೆರಿಗೆ, ಅಂದರೆ ಸುಮಾರು 52 ಪೈಸೆ. ಸಿಬ್ಬಂದಿಯ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ 36 ಪೈಸೆ. ಒಟ್ಟು 6 ರೂಪಾಯಿ 68 ಪೈಸೆ. ಲೆಕ್ಕಕ್ಕೆ 6 ರೂಪಾಯಿ 70 ಪೈಸೆ ಎಂದಿಟ್ಟುಕೊಳ್ಳೋಣ. ಹಾಸ್ಟೆಲಿನ ಮೀಟರ್ ಬೇರೆ ವರ್ಗಕ್ಕೆ ಸೇರುತ್ತದೆ. ಆದರೂ ಎಲ್ಲ ಕಡೆಗೂ ಒಂದೇ ಅಳತೆಗೋಲು ಇರಲಿ ಎಂದು ನಾನು ಇದೇ ದರವನ್ನು ಇಟ್ಟಿದ್ದೇನೆ. ನಿಮ್ಮ ಬಿಲ್ಲಿನಲ್ಲಿ ಬೇರೆ ಇದ್ದರೆ ಅದನ್ನೇ ಹಾಕಿ.

ಈಗ ಒಂದು ಸುಲಭ ಸೂತ್ರ ಸಿಗುತ್ತದೆ. 45 ವ್ಯಾಟ್ ಉಳಿಸುವ ಫ್ಯಾನು ದಿನಕ್ಕೆ ಒಂದು ಗಂಟೆ ಓಡಿದರೆ ವರ್ಷಕ್ಕೆ 16.4 ಯೂನಿಟ್ ಉಳಿತಾಯ, ಅಂದರೆ 110 ರೂಪಾಯಿ. ದಿನಕ್ಕೆ ಎಷ್ಟು ಗಂಟೆ ಓಡುತ್ತದೋ ಅಷ್ಟು ನೂರಾಹತ್ತು ಎಂದು ಬಾಯಿಲೆಕ್ಕ ಮಾಡಬಹುದು. ರಾತ್ರಿ ಒಂಬತ್ತು ಗಂಟೆ ಓಡುವ ಮಲಗುವ ಕೋಣೆಯ ಫ್ಯಾನಿಗೆ 990 ರೂಪಾಯಿ. ಮೂರು ಸಾವಿರ ಕೊಟ್ಟು ಬದಲಿಸಿದರೆ ಮೂರು ವರ್ಷ.

ಮೂರನೆಯ ಅಂಕಿ ಗಂಟೆ. ಮಸೀದಿಯ ಲೆಕ್ಕ ಪೂರ್ತಿ ಮುಗ್ಗರಿಸಿದ್ದು ಇಲ್ಲಿ. ದಿನಕ್ಕೆ 18 ಗಂಟೆ ಫ್ಯಾನು ಓಡುವ ಮಸೀದಿ ಯಾವುದು? ಹುಡುಗರಿಬ್ಬರು ಒಂದು ವಾರ ಪ್ರತಿ ನಮಾಝಿಗೂ ಹೋದಾಗ ಫ್ಯಾನು ಹಾಕಿದ ಮತ್ತು ಆರಿಸಿದ ಸಮಯವನ್ನು ಬರೆದಿಟ್ಟರು. ಮುಂದಿನ ಸಾಲುಗಳ 12 ಫ್ಯಾನುಗಳು ಐದೂ ಹೊತ್ತು ಸೇರಿ ದಿನಕ್ಕೆ ಸರಾಸರಿ ಮೂರು ಗಂಟೆ ಓಡುತ್ತವೆ. ಮುಕ್ರಿಕ್ಕ ಬಹಳ ಶಿಸ್ತಿನವರು, ಕೊನೆಯವರು ಸುನ್ನತ್ ಮುಗಿಸಿ ಏಳುವಷ್ಟರಲ್ಲಿ ಸ್ವಿಚ್ ಹತ್ತಿರ ಇರುತ್ತಾರೆ. ಮೂರು ಗಂಟೆ ಎಂದರೆ ವರ್ಷಕ್ಕೆ 330 ರೂಪಾಯಿ. ಓಡುತ್ತಿರುವ ಫ್ಯಾನನ್ನು ಇಳಿಸಿ 3,000 ರೂಪಾಯಿಯ ಹೊಸದನ್ನು ಹಾಕಿದರೆ ದುಡ್ಡು ವಾಪಸ್ ಬರಲು ಒಂಬತ್ತು ವರ್ಷ.

ಮೇಲಿನ ಮಹಡಿಯಲ್ಲಿ ಇನ್ನೂ 18 ಫ್ಯಾನುಗಳಿವೆ. ಅವು ಓಡುವುದು ಶುಕ್ರವಾರದ ಜುಮಾಕ್ಕೆ ಮತ್ತು ರಮಝಾನಿನ ತರಾವೀಹ್ ಹೊತ್ತಿಗೆ. ಜುಮಾಕ್ಕೆ ಒಂದೂವರೆ ಗಂಟೆಯಂತೆ 52 ವಾರಕ್ಕೆ 78 ಗಂಟೆ. ತರಾವೀಹ್‌ಗೆ ದಿನಕ್ಕೆ ಎರಡು ಗಂಟೆಯಂತೆ 60 ಗಂಟೆ. ಈದ್, ನಿಕಾಹ್ ಎಲ್ಲ ಸೇರಿಸಿ ವರ್ಷಕ್ಕೆ 150 ಗಂಟೆ ಎಂದೇ ಇಟ್ಟುಕೊಳ್ಳಿ. ಉಳಿಯುವುದು ಏಳು ಯೂನಿಟ್‌ಗಿಂತ ಕಡಿಮೆ, ಸುಮಾರು 45 ರೂಪಾಯಿ. ಮೂರು ಸಾವಿರವನ್ನು 45ರಿಂದ ಭಾಗಿಸಿದರೆ 66 ವರ್ಷ ಬರುತ್ತದೆ. ಈ ಅಂಕಿಯನ್ನು ಕಾರ್ಯದರ್ಶಿಯವರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಕೇಳಿದರು.

ಅದೇ ಫ್ಯಾನನ್ನು ನಮ್ಮ ಹಾಸ್ಟೆಲಿಗೆ ಹಾಕಿ ನೋಡಿ. ಹುಡುಗರ ಎಣಿಕೆಯಂತೆ ಕೋಣೆಯ ಫ್ಯಾನು ದಿನಕ್ಕೆ 14 ಗಂಟೆ ಓಡುತ್ತದೆ. ರಜೆಗಳನ್ನು ಬಿಟ್ಟು ಹಾಸ್ಟೆಲ್ ತೆರೆದಿರುವುದು ವರ್ಷಕ್ಕೆ 280 ದಿನ. ಒಟ್ಟು 3,920 ಗಂಟೆ, 176 ಯೂನಿಟ್, ಸುಮಾರು 1,180 ರೂಪಾಯಿ. ಮೂರು ಸಾವಿರ ಎರಡೂವರೆ ವರ್ಷದಲ್ಲಿ ವಾಪಸ್. ಫ್ಯಾನು ಒಂದೇ, ದರ ಒಂದೇ. ಒಂದು ಕಡೆ ಎರಡೂವರೆ ವರ್ಷ, ಇನ್ನೊಂದು ಕಡೆ ಅರವತ್ತಾರು.

ನಾಲ್ಕನೆಯದು 1,300 ರೂಪಾಯಿ. ಚೀಟಿಯಲ್ಲಿ ಕಣ್ಣಿಗೆ ಕಾಣದ ತಪ್ಪು ಇದೇ. ಎರಡು ಬೇರೆ ಬೇರೆ ಸಂದರ್ಭಗಳಿವೆ. ಒಂದು, ಓಡುತ್ತಿರುವ ಹಳೆಯ ಫ್ಯಾನನ್ನು ಇಳಿಸಿ ಹೊಸದು ಹಾಕುವುದು. ಆಗ ಖರ್ಚು 3,000, ಉಳಿತಾಯ 45 ವ್ಯಾಟ್. ಇನ್ನೊಂದು, ಹಳೆಯದು ಸುಟ್ಟು ಹೋಗಿದೆ ಅಥವಾ ಹೊಸ ಮನೆ ಕಟ್ಟಿದ್ದೀರಿ, ಹೇಗೂ ಒಂದು ಫ್ಯಾನು ಕೊಳ್ಳಲೇಬೇಕು. ಆಗ ಹೆಚ್ಚಿನ ಖರ್ಚು 1,300 ಮಾತ್ರ. ಆದರೆ ಆಗ ಹೋಲಿಸಬೇಕಾದದ್ದು ಹಳೆಯ 75 ವ್ಯಾಟಿನ ಫ್ಯಾನಿನ ಜೊತೆ ಅಲ್ಲ, ಈಗ ಅಂಗಡಿಯಲ್ಲಿ ಸಿಗುವ ಹೊಸ ಸಾಧಾರಣ ಫ್ಯಾನಿನ ಜೊತೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೂ ಸ್ಟಾರ್ ಲೇಬಲ್ ಕಡ್ಡಾಯವಾಯಿತು. ಅದಾದ ಮೇಲೆ ಒಂದು ಸ್ಟಾರಿನ ಸಾಧಾರಣ ಫ್ಯಾನು ಕೂಡ 50ರಿಂದ 52 ವ್ಯಾಟಿಗೆ ಇಳಿದಿದೆ. ಬೇಕಾದರೆ ಅಂಗಡಿಯಲ್ಲಿ ಲೇಬಲ್ ಓದಿ ನೋಡಿ. 52ರಿಂದ 30 ಕಳೆದರೆ ಉಳಿಯುವುದು 22 ವ್ಯಾಟ್.

ಅಂಗಡಿಯವರು ಮೊದಲ ಸಂದರ್ಭದ ಉಳಿತಾಯವನ್ನೂ ಎರಡನೆಯ ಸಂದರ್ಭದ ಖರ್ಚನ್ನೂ ಒಟ್ಟಿಗೆ ಇಟ್ಟಿದ್ದರು. ಬೇಕೆಂದೇ ಮಾಡಿದರು ಎಂದು ನಾನು ಹೇಳುವುದಿಲ್ಲ, ಎಷ್ಟೋ ಜನ ಓದಿದವರೂ ಇದೇ ತಪ್ಪು ಮಾಡುತ್ತಾರೆ. ಸರಿಯಾಗಿ ಮಾಡಿದರೆ ಹಾಸ್ಟೆಲಿಗೆ ಹೊಸ ಫ್ಯಾನು ಕೊಳ್ಳುವಾಗ 22 ವ್ಯಾಟ್, 3,920 ಗಂಟೆ, 86 ಯೂನಿಟ್, 578 ರೂಪಾಯಿ. ಹೆಚ್ಚು ಕೊಟ್ಟ 1,300 ವಾಪಸ್ ಬರಲು ಎರಡು ವರ್ಷ ಮೂರು ತಿಂಗಳು. ಅಂದರೆ ಹಾಸ್ಟೆಲಿನಲ್ಲಿ ಎರಡು ದಾರಿಯೂ ಹೆಚ್ಚು ಕಡಿಮೆ ಒಂದೇ ಕಡೆ ಬಂದು ಸೇರುತ್ತದೆ. ಏಳು ತಿಂಗಳು ಎಂಬುದು ಯಾವ ದಾರಿಯಲ್ಲೂ ಇಲ್ಲ.

ಇಲ್ಲಿಯವರೆಗಿನ ಲೆಕ್ಕವನ್ನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು, "ಸರ್, ನಮಗೆ ಗೃಹಜ್ಯೋತಿ ಇದೆ. ಬಿಲ್ಲೇ ಬರುವುದಿಲ್ಲ. ಆಗ ಎಷ್ಟು ವರ್ಷ?" ಎಂದಳು. ಇಡೀ ತರಗತಿ ನಕ್ಕಿತು, ಆದರೆ ಅವಳ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ನಿಮ್ಮಲ್ಲಿ ಹೆಚ್ಚಿನವರ ಮನೆಗೆ ಅನ್ವಯಿಸುವುದು ಅದೇ.

ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇಕಡ 10 ಸೇರಿಸಿದಷ್ಟು ನಿಮ್ಮ ಪಾಲು. ಸರಾಸರಿ 120 ಇದ್ದ ಮನೆಗೆ 132 ಯೂನಿಟ್ ಉಚಿತ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ದುಡ್ಡು ಕೊಡಬೇಕು. 200ನ್ನೇ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕೊಡಬೇಕು.

ಈ 132ರ ಮನೆಯನ್ನೇ ತೆಗೆದುಕೊಳ್ಳೋಣ. ತಿಂಗಳಿಗೆ 128 ಯೂನಿಟ್ ಬಳಸುತ್ತಾರೆ ಎಂದಿಟ್ಟುಕೊಳ್ಳಿ. ಫ್ಯಾನು ಬದಲಿಸಿ 112ಕ್ಕೆ ಇಳಿಸಿದರೂ ಬಿಲ್ ಮೊದಲೂ ಸೊನ್ನೆ, ಈಗಲೂ ಸೊನ್ನೆ. ಉಳಿದ ಯೂನಿಟ್‌ನ ಲಾಭ ಸರಕಾರದ ಖಜಾನೆಗೆ ಹೋಗುತ್ತದೆ, ಅದೂ ಒಳ್ಳೆಯದೇ. ಆದರೆ ಮೂರು ಸಾವಿರ ಕೊಟ್ಟ ಮನೆಯ ಮಟ್ಟಿಗೆ ಆ ದುಡ್ಡು ವಾಪಸ್ ಬರುವುದಿಲ್ಲ. ಅವಳಿಗೆ ನಾನು ಕೊಟ್ಟ ಉತ್ತರ ಅದೇ. ಸೊನ್ನೆಯಿಂದ ಭಾಗಿಸಲು ಆಗುವುದಿಲ್ಲ.

ಅದೇ ಮನೆ 150 ಯೂನಿಟ್ ಬಳಸುತ್ತಿದ್ದರೆ ಕಥೆ ಬೇರೆ. ಮೇಲಿನ 18 ಯೂನಿಟ್‌ಗೆ ಮಾತ್ರ ಬಿಲ್ ಬರುತ್ತದೆ. ದಿನಕ್ಕೆ 12 ಗಂಟೆ ಓಡುವ ಒಂದು ಹಳೆಯ ಫ್ಯಾನನ್ನು ಬದಲಿಸಿದರೆ ತಿಂಗಳಿಗೆ 16 ಯೂನಿಟ್ ಇಳಿಯುತ್ತದೆ. ಇಳಿಯುವುದು ಮೇಲಿನಿಂದಲೇ ಆದ್ದರಿಂದ ಸುಮಾರು 108 ರೂಪಾಯಿ ಉಳಿತಾಯ. ಆದರೆ ಎರಡನೆಯ ಫ್ಯಾನನ್ನೂ ಬದಲಿಸಿದರೆ ಅದಕ್ಕೆ ಸಿಗುವುದು ಉಳಿದ ಎರಡು ಯೂನಿಟ್ ಮಾತ್ರ. ಮೊದಲ ಫ್ಯಾನಿನ ದುಡ್ಡು ಎರಡು ವರ್ಷ ನಾಲ್ಕು ತಿಂಗಳಲ್ಲಿ ಬರುತ್ತದೆ, ಎರಡನೆಯದರದ್ದು ಬರುವುದೇ ಇಲ್ಲ ಎನ್ನಬಹುದು. ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡ ಎರಡು ಫ್ಯಾನುಗಳ ವಿಷಯ ಇದು.

ಇನ್ನು ಮೇ ತಿಂಗಳು. ಸೆಕೆಗೆ ಎಲ್ಲ ಕೋಣೆಯ ಫ್ಯಾನು ಹಗಲು ರಾತ್ರಿ ಓಡಿ ಆ ಮನೆ 205 ಯೂನಿಟ್ ಮುಟ್ಟಿತು ಎನ್ನಿ. 200 ದಾಟಿದ್ದರಿಂದ 205ಕ್ಕೂ ಬಿಲ್, ಸುಮಾರು 1,370 ರೂಪಾಯಿ. ಎರಡು ಕಿಲೋವ್ಯಾಟ್ ಮಂಜೂರಾದ ಮನೆಗೆ ನಿಗದಿತ ಶುಲ್ಕ 290 ಸೇರಿ 1,660ರ ಹತ್ತಿರ. ಎರಡು ಫ್ಯಾನು ಬದಲಿಸಿದ್ದರೆ 32 ಯೂನಿಟ್ ಇಳಿದು 173 ಆಗುತ್ತಿತ್ತು, ಪಾಲು ಮೀರಿದ 41 ಯೂನಿಟ್‌ಗೆ ಸುಮಾರು 275 ರೂಪಾಯಿ ಕೊಟ್ಟರೆ ಮುಗಿಯುತ್ತಿತ್ತು. ಆ ಒಂದೇ ತಿಂಗಳಲ್ಲಿ ಹದಿಮೂರು ನೂರಕ್ಕೂ ಹೆಚ್ಚು ರೂಪಾಯಿ ವ್ಯತ್ಯಾಸ. ವರ್ಷಕ್ಕೆ ಎರಡು ಮೂರು ತಿಂಗಳು 200ರ ಗೆರೆಯನ್ನು ಸ್ವಲ್ಪವೇ ದಾಟುವ ಮನೆಗಳಿಗೆ ಈ ಫ್ಯಾನು ಎಲ್ಲರಿಗಿಂತ ಹೆಚ್ಚು ಲಾಭ ಕೊಡುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಒಂದು ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಪ್ರತಿ ತಿಂಗಳ ಯೂನಿಟ್ ನಿಮ್ಮ ಪಾಲಿನ ಕೆಳಗಿದೆಯೋ, ಮೇಲಿದೆಯೋ, 200ರ ಆಚೆಗಿದೆಯೋ ಎಂದು ಗುರುತು ಹಾಕಿ.

ಈಗ ಬೋರ್ಡಿನ ವಿಷಯ. ದುಡ್ಡು ವಾಪಸ್ ಬರುವ ವರ್ಷಗಳ ಲೆಕ್ಕಕ್ಕೆ ಅರ್ಥ ಬರಬೇಕಾದರೆ ಫ್ಯಾನು ಅಷ್ಟು ವರ್ಷ ಓಡಬೇಕು. ಹಳೆಯ ಫ್ಯಾನಿನಲ್ಲಿ ಸಾಮಾನ್ಯವಾಗಿ ಕೆಡುವುದು ಕೆಪಾಸಿಟರ್. ಫ್ಯಾನು ನಿಧಾನವಾಗುತ್ತದೆ, ಇಲ್ಲವೇ ಕೋಲಿನಿಂದ ತಳ್ಳಿದರೆ ಮಾತ್ರ ಸುತ್ತುತ್ತದೆ. ಯಾವ ಎಲೆಕ್ಟ್ರಿಷಿಯನ್ ಆದರೂ ನೂರಿನ್ನೂರು ರೂಪಾಯಿಯೊಳಗೆ ಸರಿ ಮಾಡಿ ಹೋಗುತ್ತಾರೆ. ಬಿಎಲ್‌ಡಿಸಿಯ ಬೋರ್ಡ್ ಕೆಟ್ಟರೆ ಫ್ಯಾನು ಒಮ್ಮೆಗೇ ನಿಲ್ಲುತ್ತದೆ, ಅಥವಾ ಸುತ್ತಲು ಹೋಗಿ ಅಲುಗಿ ಅಲುಗಿ ನಿಲ್ಲುತ್ತದೆ. ಅದನ್ನು ರಿಪೇರಿ ಮಾಡುವವರು ಕಡಿಮೆ, ಬೋರ್ಡನ್ನೇ ಬದಲಿಸಬೇಕು. ನನ್ನ ಮನೆಯ ಫ್ಯಾನಿನ ಬೋರ್ಡ್ ಮೊದಲ ವರ್ಷವೇ ಒಂದು ಸಿಡಿಲಿನ ರಾತ್ರಿಯಲ್ಲಿ ಹೋಯಿತು. ವಾರಂಟಿ ಇದ್ದದ್ದರಿಂದ ದುಡ್ಡು ಹೋಗಲಿಲ್ಲ, ಆದರೆ ಹನ್ನೊಂದು ದಿನ ಸೆಕೆಯಲ್ಲಿ ಮಲಗಿದೆವು. ಮಳೆ ಶುರುವಾಗುವ ಮೊದಲೂ ಮುಗಿಯುವಾಗಲೂ ನಮ್ಮ ಕಡೆ ಗುಡುಗು ಸಿಡಿಲು ಜೋರು. ಸಿಡಿಲು ಕಂಡಾಗ ಗೋಡೆಯ ಸ್ವಿಚ್ ಆರಿಸುವುದನ್ನು ಈಗ ರೂಢಿ ಮಾಡಿಕೊಂಡಿದ್ದೇವೆ. ಕೊಳ್ಳುವಾಗ ವಾರಂಟಿ ಎಷ್ಟು ವರ್ಷ ಎಂದು ಮಾತ್ರ ಕೇಳಬೇಡಿ. ಅದು ಬೋರ್ಡಿಗೂ ಸೇರಿ ಇದೆಯೇ, ನಮ್ಮ ಊರಿಗೆ ಬಂದು ಸರಿ ಮಾಡುತ್ತಾರೆಯೇ ಎಂದು ಕೇಳಿ. ವಾರಂಟಿ ಎರಡು ವರ್ಷ, ದುಡ್ಡು ವಾಪಸ್ ಬರುವುದು ಮೂರು ವರ್ಷಕ್ಕೆ ಎಂದಾದರೆ ನಡುವಿನ ಒಂದು ವರ್ಷದ ಅಪಾಯ ನಿಮ್ಮದು.

ಬೋರ್ಡನ್ನು ನಾವೇ ಕೊಲ್ಲುವ ಇನ್ನೊಂದು ದಾರಿಯಿದೆ. ಹಳೆಯ ರೆಗ್ಯುಲೇಟರನ್ನು ಹಾಗೇ ಬಿಟ್ಟು ಅದರ ಮೂಲಕ ಬಿಎಲ್‌ಡಿಸಿ ಫ್ಯಾನಿಗೆ ಕರೆಂಟ್ ಕೊಡುವುದು. ಈ ಫ್ಯಾನು ಸ್ಪೀಡನ್ನು ತನ್ನ ಬೋರ್ಡಿನಲ್ಲೇ ಬದಲಿಸಿಕೊಳ್ಳುತ್ತದೆ, ಅದಕ್ಕೆ ಪೂರ್ತಿ ವೋಲ್ಟೇಜ್ ಬೇಕು. ರೆಗ್ಯುಲೇಟರನ್ನು ತಪ್ಪಿಸಿ ನೇರವಾಗಿ ಸ್ವಿಚ್‌ಗೆ ಕೊಡಲು ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿ.

ಮುಂದಿನ ವಾರ ಕಮಿಟಿಯ ಸಭೆಯಲ್ಲಿ ಇಷ್ಟನ್ನೂ ಇಟ್ಟೆ. ಹಾಸ್ಟೆಲಿಗೆ ಹಾಕಿದರೆ ದುಡ್ಡಿಗೆ ಹೆಚ್ಚು ಬೆಲೆ ಎಂದೆ. ಖತೀಬರು ಅಲ್ಲಿಯೇ ಇದ್ದರು. "ಮಾಸ್ಟ್ರೇ, ಲೆಕ್ಕ ಸರಿ ಇರಬಹುದು. ಆದರೆ ಕೊಟ್ಟವರು ಮಸೀದಿಗೆ ಎಂದು ನಿಯ್ಯತ್ ಮಾಡಿ ಕೊಡುತ್ತಿದ್ದಾರೆ. ಅವರನ್ನು ಕೇಳದೆ ನಾವು ಹಾಸ್ಟೆಲಿಗೆ ತಿರುಗಿಸುವ ಹಾಗಿಲ್ಲ" ಎಂದರು. ಅದು ನನ್ನ ತಲೆಗೆ ಬಂದಿರಲಿಲ್ಲ. ಅಲ್ಲಿಂದಲೇ ಕಾರ್ಯದರ್ಶಿಯವರು ಹಾಜಿಯವರಿಗೆ ಫೋನ್ ಮಾಡಿದರು. ಅವರು ಎಲ್ಲವನ್ನೂ ಕೇಳಿ, "ಮಸೀದಿಗೂ ಸ್ವಲ್ಪ ಇರಲಿ, ಉಳಿದದ್ದು ಓದುವ ಮಕ್ಕಳಿಗೆ ಆಗಲಿ" ಎಂದರು.

ಆ ಸ್ವಲ್ಪ ಎಷ್ಟು, ಎಲ್ಲಿ ಎಂಬುದನ್ನು ಬಿಲ್ಲಿನಿಂದ ನೋಡದೆ ಬೇರೆ ಕಡೆಯಿಂದ ನೋಡಿದೆವು. ಮಸೀದಿಯ ಮುಂದಿನ ಆರು ಫ್ಯಾನುಗಳು ಇನ್ವರ್ಟರಿನ ಲೈನಿನಲ್ಲಿವೆ. ಆರು ಹಳೆಯ ಫ್ಯಾನುಗಳು 450 ವ್ಯಾಟ್ ಎಳೆಯುತ್ತಿದ್ದವು. ಕರೆಂಟ್ ಹೋದರೆ ಬ್ಯಾಟರಿ ಎರಡು ಗಂಟೆಗೆ ಮಲಗುತ್ತಿತ್ತು, ರಮಝಾನಿನಲ್ಲಿ ಎಷ್ಟೋ ಸಲ ತರಾವೀಹ್ ನಡುವೆಯೇ. ಬದಲಿಸಿದ ಮೇಲೆ ಆರಕ್ಕೆ ಸೇರಿ 180 ವ್ಯಾಟ್. ಪರೀಕ್ಷೆಗೆಂದು ಮೈನ್ ಆರಿಸಿ ಬಿಟ್ಟಾಗ ನಾಲ್ಕೂವರೆ ಗಂಟೆ ಓಡಿತು. ಲೆಕ್ಕದ ಪ್ರಕಾರ ಐದು ಬರಬೇಕಿತ್ತು. ಇನ್ವರ್ಟರ್ ತನಗೇ ಬೇಕಾದ ಪಾಲನ್ನು ತೆಗೆದುಕೊಳ್ಳುತ್ತದೆ. ಈ ಆರು ಫ್ಯಾನುಗಳಿಗೆ ಎಷ್ಟು ವರ್ಷದಲ್ಲಿ ದುಡ್ಡು ವಾಪಸ್ ಎಂದು ಯಾರೂ ಕೇಳಲಿಲ್ಲ. ಉಳಿದ 24 ಹಾಸ್ಟೆಲಿಗೆ ಬಂದವು.

ಹಾಸ್ಟೆಲಿನಲ್ಲಿ ತಿಂಗಳಿಗೆ 24 ಫ್ಯಾನಿನಿಂದ ಸುಮಾರು 450 ಯೂನಿಟ್ ಇಳಿಯಬೇಕಿತ್ತು. ಮೊದಲ ಪೂರ್ತಿ ತಿಂಗಳು ಇಳಿದದ್ದು 370. ಕಾರಣ ಹುಡುಕಿದಾಗ ಎರಡು ಸಿಕ್ಕಿದವು. ಒಂಬತ್ತು ಕೋಣೆಗಳಲ್ಲಿ ರಿಮೋಟ್ ಕಳೆದು ಹೋಗಿತ್ತು, ಅಲ್ಲಿ ಫ್ಯಾನು ಆರಿಸಲು ಯಾರೂ ಗೋಡೆಯ ತನಕ ಏಳುತ್ತಿರಲಿಲ್ಲ. ಇನ್ನು ಕೆಲವು ಕೋಣೆಗಳಲ್ಲಿ "ಇದು ಕರೆಂಟ್ ತಿನ್ನುವುದಿಲ್ಲ" ಎಂದು ತರಗತಿಗೆ ಹೋಗುವಾಗಲೂ ಓಡುತ್ತಿರಲು ಬಿಟ್ಟಿದ್ದರು. ವಾರ್ಡನ್ ಈಗ ರಿಮೋಟುಗಳನ್ನು ದಾರ ಕಟ್ಟಿ ಗೋಡೆಗೆ ನೇತು ಹಾಕಿದ್ದಾರೆ. ಮುಂದಿನ ಬಿಲ್ ಬಂದ ಮೇಲೆ ಅಂಕಿಗಳನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇನೆ. ನಿಮ್ಮ ಮನೆಯ ಲೆಕ್ಕ ನೋಡಬೇಕೆಂದಿದ್ದವರು ಹತ್ತು ಮಿಣುಕಿನ ಸೆಕೆಂಡು, ಮೀಟರಿನ ಮೇಲಿನ ಸಂಖ್ಯೆ ಮತ್ತು ಒಂದು ವರ್ಷದ ಬಿಲ್ಲುಗಳೊಂದಿಗೆ ಶನಿವಾರ ಮಧ್ಯಾಹ್ನ ಫಿಸಿಕ್ಸ್ ಲ್ಯಾಬಿಗೆ ಬನ್ನಿ.